ಕಸಿ ಕಡ್ಡಿಯ ಲೆಕ್ಕ, ಉಪ್ಪಿನಕಾಯಿ ಭರಣಿಯ ಲೆಕ್ಕ

ನನ್ನ ಮೊಬೈಲಿನಲ್ಲಿ ಅವರ ನಂಬರು ಬಹಳ ಕಾಲ ‘ರಿಪ್ಪನ್‌ಪೇಟೆ ಮಿಡಿ 2’ ಅಂತಲೇ ಇತ್ತು. ‘ಮಿಡಿ 1’ ಅಂದರೆ ರಸ್ತೆ ಪಕ್ಕ ಗೋಣಿಚೀಲ ಹಾಸಿಕೊಂಡು ಮಾವಿನಮಿಡಿ ಮಾರುತ್ತಿದ್ದವನು. ಅವನ ಚೀಲದಲ್ಲಿದ್ದ ಮಿಡಿ ಯಾರ ಮರದ್ದೋ ಆ ಮನೆಯವರು ‘ಮಿಡಿ 2’.

2016ರ ಮಾರ್ಚ್. ಸಾಗರದ ಹತ್ತಿರ ನನ್ನದೊಂದು ಸಣ್ಣ ನರ್ಸರಿ. ಆಗ ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ ಮಾರಿಕೊಂಡಿದ್ದೆ. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಕಸಿ ಶುರುಮಾಡಬೇಕು ಅಂತ ಓಡಾಡುತ್ತಿದ್ದೆ. ರಿಪ್ಪನ್‌ಪೇಟೆಯಲ್ಲಿ ಆ ಚೀಲದಿಂದ ಒಂದು ಮಿಡಿ ಎತ್ತಿ ತೊಟ್ಟು ಮುರಿದೆ. ಸೊನೆ ಚಿಮ್ಮಿದ ಕೂಡಲೇ ಜೀರಿಗೆ ಪರಿಮಳ. ಜೀರಿಗೆ ಮಿಡಿ ಎಂದು ಹೇಳಿಕೊಂಡು ಮಾರುವುದು ಬೇಕಾದಷ್ಟಿರುತ್ತದೆ, ಮುರಿದರೆ ಬರೀ ಹುಳಿ ವಾಸನೆ. ಇದು ಹಾಗಿರಲಿಲ್ಲ. ಬೆರಳಿಗೆ ಅಂಟಿದ ಸೊನೆಯನ್ನು ಸಾಗರ ತಲುಪುವವರೆಗೂ ಮೂಸುತ್ತಲೇ ಬಂದೆ.

ಮಾರನೇ ದಿನ ಫೋನ್ ಮಾಡಿದೆ. ನಾನು ಯಾರು, ಎಲ್ಲಿಯವನು ಅಂತ ಎರಡು ಮಾತು ಹೇಳಿ, ನೇರವಾಗಿ ಕಸಿ ಕಡ್ಡಿ, ಅಂದರೆ ಬೇರೆ ಗಿಡಕ್ಕೆ ಕಟ್ಟಲು ಆ ಮರದ ಕುಡಿ, ಕೇಳಿಬಿಟ್ಟೆ. ಆ ಕಡೆಯಿಂದ ಒಂದು ಕೆಮ್ಮು, ಆಮೇಲೆ, “ಎಂತ ಮಾರಾಯ್ರೆ, ಕಡ್ಡಿಗೆ ಬಂದವರು ಬಹಳ ಜನ. ಕೊಯ್ಕೊಂಡು ಹೋದವರ ಮುಖ ಮತ್ತೆ ಕಂಡಿಲ್ಲ.” ಫೋನು ಇಟ್ಟರು. ತಪ್ಪು ನನ್ನದೇ. ಮನೆಗೆ ಕಾಲಿಡುವ ಮೊದಲೇ ಅಟ್ಟದ ಮೇಲಿನದು ಕೇಳಿದ ಹಾಗಾಗಿತ್ತು.

ಅವರನ್ನು ಗೌಡ್ರು ಅನ್ನುತ್ತೇನೆ. ಹೆಸರು, ಊರು ಬೇಡ. ಬರೆಯುತ್ತೇನೆ ಅಂತ ಕೇಳಿದ್ದಕ್ಕೆ “ಬರ್ಕ, ಆದ್ರೆ ಮನೆ ದಾರಿ ಹೇಳ್ಬೇಡ” ಅಂದಿದ್ದಾರೆ. ಈ ಮಾತಿನ ಏಕವಚನ ಬರುವುದಕ್ಕೆ ಏಳೆಂಟು ವರ್ಷ ಹಿಡಿದಿದೆ. ನಡುವೆ ಒಮ್ಮೆ ಹಳಸಿ, ಮತ್ತೆ ಸರಿಹೋಗಿ.

ಆ ಬೇಸಿಗೆಯಲ್ಲಿ ಎರಡು ಸಲ ಅವರ ಮನೆಗೆ ಹೋದೆ, ಕಡ್ಡಿಯ ಮಾತೆತ್ತಲಿಲ್ಲ. ಎರಡನೇ ಸಲ ಮರದ ಬುಡದಲ್ಲಿ ನಿಂತಾಗ ಅವರಾಗಿಯೇ ಅದರ ಕತೆ ಹೇಳಿದರು. ಅವರ ಮೂಲಮನೆ ಶರಾವತಿ ದಂಡೆಯದು. 1964ಕ್ಕೆ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯಿತು, ಊರು ನೀರೊಳಗೆ ಹೋಯಿತು. ಅದಕ್ಕೆ ಎರಡು ವರ್ಷ ಮೊದಲೇ ಅವರಪ್ಪ ಹೊಳೆದಂಡೆಯ ಹಳೇ ಮಿಡಿಮರಕ್ಕೆ ಅಟ್ಟಣಿಗೆ ಕಟ್ಟಿ, ಕುಂಡದಲ್ಲಿ ಬೆಳೆಸಿದ ಗೊರಟೆ ಗಿಡವನ್ನು ಅದರ ಮೇಲಿಟ್ಟು, ಗಿಡದ ಕಾಂಡಕ್ಕೂ ಮರದ ಕೊಂಬೆಗೂ ಒತ್ತುಕಸಿ ಕಟ್ಟಿದ್ದರಂತೆ. ಒತ್ತುಕಸಿ ಕೂಡಿಕೊಳ್ಳಲು ಎರಡು ಮೂರು ತಿಂಗಳಾದರೂ ಬೇಕು. ಅಷ್ಟು ದಿನವೂ ಕುಂಡ ಒಣಗದ ಹಾಗೆ ಅಟ್ಟಣಿಗೆ ಹತ್ತಿ ನೀರು ಹಾಕುವ ಕೆಲಸ ಒಂಬತ್ತು ವರ್ಷದ ಹುಡುಗನದು, ಅಂದರೆ ಈ ಗೌಡ್ರದು. ಗೊರಟೆ ಹಾಕಿ ಬೆಳೆಸಿದರೆ ಅದೇ ಮಿಡಿ ಬರುತ್ತದೆ ಎಂಬ ಖಾತ್ರಿ ಇಲ್ಲ, ತಾಯಿಯ ಗುಣ ತಪ್ಪುತ್ತದೆ. ಕಸಿಯಲ್ಲಿ ಬಂದದ್ದು ಮಾತ್ರ ಅದೇ ಮರ. ಹಾಗಾಗಿ ಅವರ ಹಿತ್ತಿಲಲ್ಲಿರುವುದು ಮುಳುಗಿದ ಊರಿನ ಮರವೇ.

ಇದನ್ನು ಕೇಳಿದ ಮೇಲೆ ಆ ಮರದ ಕಡ್ಡಿಗೆ ‘ಎಷ್ಟು ಕೊಡಲಿ’ ಅನ್ನಲು ನನಗೆ ಬಾಯಿ ಬರಲಿಲ್ಲ. ಮುಂದಿನ ಎಡವಟ್ಟೆಲ್ಲ ಶುರುವಾದದ್ದು ಅಲ್ಲಿಂದಲೇ.

ಆ ಜುಲೈಯಲ್ಲಿ ಅವರು ಇಪ್ಪತ್ತು ಕಡ್ಡಿ ಕೊಟ್ಟರು. ಸುರಿವ ಮಳೆಯಲ್ಲಿ ಕೊಯ್ದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ಕಟ್ಟಿದೆ. ಬದುಕಿದ್ದು ಆರು. ಬೇರೆಯವರಾಗಿದ್ದರೆ ಸುಮ್ಮನಿರುತ್ತಿದ್ದರೇನೋ, ನಾನು ಅವರಿಗೆ ಫೋನ್ ಮಾಡಿ ಹದಿನಾಲ್ಕು ಸತ್ತವು ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಪ್ರಶ್ನೆಗಳು ಸುರಿದವು: ಎಲೆ ಯಾವಾಗ ತೆಗೆದ್ರಿ? ಮೊಗ್ಗು ಹೆಂಗಿತ್ತು? ಎಷ್ಟು ಹೊತ್ತಿಗೆ ಕಟ್ಟಿದ್ರಿ? ಇಪ್ಪತ್ತು ನಿಮಿಷ ಮಾತಾಡಿದೆವು. ಅಲ್ಲಿಯವರೆಗೆ ಅವರಿಗೆ ನಾನು ‘ಕಡ್ಡಿಗೆ ಬಂದವನು’. ಕೊಯ್ಕೊಂಡು ಹೋದವರಲ್ಲಿ ಸತ್ತದ್ದರ ಸುದ್ದಿ ಹೇಳಿದವನು ನಾನೊಬ್ಬನೇ ಅಂತ ಎಷ್ಟೋ ದಿನದ ಮೇಲೆ ಅವರ ಮನೆಯ ಅಮ್ಮ ಹೇಳಿದರು.

ಮುಂದಿನ ವರ್ಷ ಇಬ್ಬರೂ ಸೇರಿಯೇ ಮಾಡಿದೆವು. ಮಾವಿನಲ್ಲಿ ಮೃದುಕಾಂಡ ಕಸಿ ಕಟ್ಟುವುದಾದರೆ ಕಡ್ಡಿಯನ್ನು ಮರದಲ್ಲಿರುವಾಗಲೇ ತಯಾರು ಮಾಡಬೇಕು. ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ಕುಡಿ ಆರಿಸಿಕೊಂಡು, ಕೊಯ್ಯುವ ಎಂಟು ಹತ್ತು ದಿನ ಮೊದಲು ಅದರ ಎಲೆಯನ್ನೆಲ್ಲ ಕತ್ತರಿಸಿ ತೊಟ್ಟು ಮಾತ್ರ ಬಿಡಬೇಕು. ತುದಿ ಮೊಗ್ಗು ಉಬ್ಬುತ್ತದೆ. ಬೆರಳು ತಾಗಿದರೆ ತೊಟ್ಟು ತಾನಾಗಿ ಉದುರುವ ದಿನ ಕಡ್ಡಿ ಸಿದ್ಧ. ಒಂದು ವಾರ ತಡಮಾಡಿದರೆ ಮೊಗ್ಗು ಒಡೆದು ಚಿಗುರು ಬರುತ್ತದೆ, ಅಂಥದ್ದು ಕಟ್ಟಿದರೆ ಹಿಡಿಯುವುದಿಲ್ಲ. ಈ ಎಲೆ ತೆಗೆಯುವ ಕೆಲಸ ಗೌಡ್ರು ಮಾಡಿಸಬೇಕು, ಯಾಕೆಂದರೆ ಮರದ ಹತ್ತಿರ ಇರುವವರು ಅವರು. ಆಗಸ್ಟಿನಲ್ಲಿ ಮಳೆ ಒಂದಿಷ್ಟು ಬಿಡುವು ಕೊಟ್ಟಾಗ ಫೋನ್ ಬರುತ್ತಿತ್ತು: “ತೊಟ್ಟು ಉದುರ್ತಾ ಇದೆ, ನಾಳೆ ಬೆಳಗ್ಗೆ ಬನ್ನಿ.” ಕೊಯ್ದ ಕಡ್ಡಿಯನ್ನು ಬಾಳೆಪಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದರು. ಮಧ್ಯಾಹ್ನದೊಳಗೆ ಸಾಗರದಲ್ಲಿ ಗೊರಟೆ ಗಿಡಕ್ಕೆ ಕಟ್ಟಿ, ಮೇಲೆ ಐಸ್‌ಕ್ಯಾಂಡಿಯ ಉದ್ದ ಪ್ಲಾಸ್ಟಿಕ್ ಕೊಳವೆ ಮುಚ್ಚುತ್ತಿದ್ದೆ. 2017ರಲ್ಲಿ ಇನ್ನೂರು ಕಡ್ಡಿಗೆ ನೂರಿಪ್ಪತ್ತೆಂಟು ಗಿಡ ಬದುಕಿದವು.

ದುಡ್ಡಿನ ಮಾತು ಎರಡು ಸಲ ಎತ್ತಿದ್ದೆ. ಎರಡು ಸಲವೂ ಗೌಡ್ರು “ಕಡ್ಡಿಗೆ ದುಡ್ಡಾ? ನಮ್ಮೊಳಗೆಂತ ಲೆಕ್ಕ ಮಾರಾಯ್ರೆ” ಅಂದರು. ನಾನು ಅದನ್ನೇ ನಂಬಿದೆ. ನಂಬುವುದು ನನಗೆ ಅನುಕೂಲವೂ ಆಗಿತ್ತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ದೀಪಾವಳಿಗೆ ಒಂದು ಪಂಚೆ, ಅಮ್ಮನಿಗೆ ಸೀರೆ, ಒಂದು ಡಬ್ಬಿ ಸ್ವೀಟು, ಐದು ಕಸಿ ಗಿಡ ತೆಗೆದುಕೊಂಡು ಹೋಗಿ ಕೊಟ್ಟೆ. ಋಣ ತೀರಿತು ಅಂದುಕೊಂಡೆ. ಗಿಡವನ್ನು ತಲಾ ನೂರಿಪ್ಪತ್ತು ರೂಪಾಯಿಗೆ ಮಾರಿದೆ.

ಮಲೆನಾಡಿನಲ್ಲಿ ‘ನಮ್ಮೊಳಗೆಂತ ಲೆಕ್ಕ’ ಅನ್ನುವ ಮಾತಿಗೆ ಅರ್ಥ ಒಂದೇ ಅಲ್ಲ. ‘ಬೇಡ’ ಅಂತಲೂ ಆಗಬಹುದು. ‘ನಾನು ಬಾಯಿಬಿಟ್ಟು ಕೇಳುವುದಿಲ್ಲ, ಎಷ್ಟು ಅಂತ ನಿನಗೇ ತಿಳಿದಿರಬೇಕು’ ಅಂತಲೂ ಆಗಬಹುದು. ಎರಡನೆಯದು ಹೆಚ್ಚು. ನಾನು ಈ ನೆಲದಲ್ಲೇ ಹುಟ್ಟಿದವನು, ನನಗಿದು ಗೊತ್ತಿರಬೇಕಿತ್ತು.

ಆಮೇಲೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಜಗಳವಿಲ್ಲ, ಮಾತಿಲ್ಲ. ಜನವರಿಯಲ್ಲಿ ಫೋನ್ ಮಾಡಿದರೆ “ಹೇಳಿ, ಆರಾಮಲ್ಲ” ಅಂದರು. ಧ್ವನಿಯಲ್ಲಿದ್ದ ‘ಮಾರಾಯ್ರೆ’ ಹೋಗಿತ್ತು. ಮಿಡಿ ಕಾಲದಲ್ಲಿ ಬರಲಾ ಅಂದರೆ “ಮರ ಹತ್ತುವ ಹುಡುಗ ಸಿಗ್ತಾ ಇಲ್ಲ”. ಮನೆಗೆ ಹೋದಾಗ ಕಾಫಿ ಬಂತು, ಆದರೆ ಹಿತ್ತಿಲಿಗೆ ಕರೆಯಲಿಲ್ಲ. ಜಗುಲಿಯಿಂದಲೇ ಕಳಿಸಿದರು. ಮೇಲಿನ ಯಾವುದನ್ನೂ ಹಿಡಿದು ‘ಏನಾಯ್ತು’ ಅಂತ ಕೇಳುವಂತಿಲ್ಲ. ಒಂದೊಂದಕ್ಕೂ ಒಂದೊಂದು ಸಮಜಾಯಿಷಿ ಇದ್ದೇ ಇದೆ.

ಗುಟ್ಟು ಗೊತ್ತಾದದ್ದು ಬೇರೆ ಕಡೆಯಿಂದ. ಅವರ ಅಳಿಯ ಸಾಗರದಲ್ಲಿ ಯಾರದೋ ಮನೆಯಲ್ಲಿ ನನ್ನ ನರ್ಸರಿಯ ಗಿಡ ನೋಡಿ, ರೇಟು ಕೇಳಿ, ಮಾವನಿಗೆ ಲೆಕ್ಕ ಹೇಳಿದ್ದ: ನೂರಿಪ್ಪತ್ತೆಂಟು ಗಿಡ, ಗಿಡಕ್ಕೆ ನೂರಿಪ್ಪತ್ತು, ಹದಿನೈದು ಸಾವಿರ ಚಿಲ್ಲರೆ, ನಿಮಗೆ ಬಂದದ್ದು ಒಂದು ಪಂಚೆ. ಲೆಕ್ಕ ತಪ್ಪು, ಅದರಲ್ಲಿ ಖರ್ಚು ಕಳೆದಿಲ್ಲ, ಐದು ಗಿಡ ಅವರಿಗೇ ಕೊಟ್ಟದ್ದೂ ಸೇರಿದೆ. ಆದರೆ ನಾನಾಗಿ ಒಂದು ಲೆಕ್ಕ ಕೊಡದೇ ಇದ್ದಾಗ ಅಳಿಯನ ಲೆಕ್ಕವೇ ನಿಲ್ಲುತ್ತದೆ. ಅದರಲ್ಲಿ ಅವನ ತಪ್ಪು ಏನೂ ಇಲ್ಲ.

2018ರ ಏಪ್ರಿಲ್‌ನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಹೋಗಿ ಜಗುಲಿ ಮೇಲೆ ಕೂತೆ. “ಗೌಡ್ರೇ, ಕಳೆದ ವರ್ಷದ ಲೆಕ್ಕ ಹೇಳ್ಬೇಕು, ಕೇಳಿಸ್ಕಳಿ” ಅಂದೆ. ಅವರು ಅದೇ ಮಾತು, ನಮ್ಮೊಳಗೆಂತ ಅಂತ. ಒಳಗಿಂದ ಅಮ್ಮ ಬಂದು ಬಾಗಿಲ ಹತ್ತಿರ ನಿಂತು, “ಹೇಳ್ಲಿ ಬಿಡಿ. ಅವ್ರು ತಂದ ಸ್ವೀಟು ಯಾವ ಲೆಕ್ಕಕ್ಕೆ ಅಂತ ನಂಗೂ ಗೊತ್ತಾಗ್ಲಿಲ್ಲ” ಅಂದರು.

ಅಮ್ಮ ಹೇಳಿದ್ದು ಸರಿಯಾಗಿ ಎದೆಗೆ ನಾಟಿತು. ಸ್ವೀಟನ್ನು ಸ್ವೀಟಾಗಿ ತಿನ್ನಲೂ ಆಗದೆ, ಕೂಲಿ ಅಂತ ಎಣಿಸಲೂ ಆಗದೆ ಅವರು ಒದ್ದಾಡಿದ್ದರು. ನಾನು ಉಡುಗೊರೆಯಲ್ಲಿ ಬೆಲೆಯನ್ನು ಬೆರೆಸಿ ಎರಡನ್ನೂ ಕೆಡಿಸಿದ್ದೆ.

ಅವತ್ತು ಮೂರು ಗಂಟೆ ಕೂತೆವು. ಮೊದಲ ಪ್ರಶ್ನೆ, ಒಂದು ಕಡ್ಡಿಯ ಬೆಲೆ ಎಷ್ಟು? ನಾನು ಪೇಟೆ ರೇಟು ಹೇಳಲು ಹೋದೆ. ಗೌಡ್ರು ಅದನ್ನು ಒಪ್ಪದೆ ಮರದಿಂದಲೇ ಲೆಕ್ಕ ಹಾಕಿದರು. ಮಾವು ಹೂಬಿಡುವುದು ಬಲಿತ ಕುಡಿಯ ತುದಿಯಲ್ಲಿ. ಆಗಸ್ಟಿನಲ್ಲಿ ಕಡ್ಡಿ ಕೊಯ್ದರೆ ಬರುವ ಚಳಿಗಾಲಕ್ಕೆ ಆ ತುದಿಯಲ್ಲಿ ಹೂವಿಲ್ಲ. ಒಂದು ಹೂಗೊಂಚಲಿನಲ್ಲಿ ಮಿಡಿ ಕೊಯ್ಯುವ ಹೊತ್ತಿಗೆ ನಾಲ್ಕು ಮಿಡಿ ನಿಂತಿದ್ದರೆ, ಆಗಿನ ರೇಟಿನಲ್ಲಿ ಮಿಡಿಗೆ ಎರಡು ರೂಪಾಯಿಯ ಹಾಗೆ ಎಂಟು ರೂಪಾಯಿ. ಎಲ್ಲ ತುದಿಯೂ ಹೂ ಬಿಡುವುದಿಲ್ಲ, ಅರ್ಧ ಅಂತ ಹಿಡಿದರೆ ಕಡ್ಡಿಗೆ ನಾಲ್ಕು ರೂಪಾಯಿ. “ಇದು ಮರಕ್ಕೆ ಆದ ನಷ್ಟ ಮಾತ್ರ” ಅಂದರು. ನಾನು ನಾಲ್ಕು ಅಂತ ಬರೆದೆ. ಕಡ್ಡಿಯಿಂದ ಮರದ ಮಾಲೀಕನಿಗೆ ಒಂದು ಖರ್ಚಿದೆ ಅನ್ನುವುದು ಅಲ್ಲಿಯವರೆಗೆ ನನ್ನ ತಲೆಗೇ ಹೊಳೆದಿರಲಿಲ್ಲ. ‘ಹೇಗೂ ಕೊಂಬೆ ಸವರಿದ ಹಾಗೆ’ ಅಂದುಕೊಂಡಿದ್ದೆ.

ಕಡ್ಡಿಯ ಬೆಲೆ ಕೊಯ್ದ ದಿನವೇ ಕೊಡಬೇಕು, ಕಸಿ ಹಿಡಿಯಲಿ ಬಿಡಲಿ. ಹಿಡಿಯದಿದ್ದರೆ ಅದು ನನ್ನ ಕೈಯ ತಪ್ಪೋ ಗಾಳಿ ಮಳೆಯದ್ದೋ, ಅವರದ್ದಂತೂ ಅಲ್ಲ. ಒಂದು ಮಾತು ನಾನು ಸೇರಿಸಿದೆ: ಮೊಗ್ಗು ಒಡೆದದ್ದು, ತೆಳ್ಳಗಿನದ್ದು ಎಣಿಕೆಗಿಲ್ಲ, ಅಲ್ಲೇ ಆರಿಸಿ ಪಕ್ಕಕ್ಕಿಡುತ್ತೇನೆ. ಮರ ಹತ್ತುವ ಹುಡುಗನ ಕೂಲಿ ನಾನೇ ನೇರವಾಗಿ ಅವನ ಕೈಗೆ ಕೊಡುವುದು, ಗೌಡ್ರ ಮೂಲಕ ಅಲ್ಲ.

ಇನ್ನು ಗಿಡ ಮಾರಿದ್ದರಲ್ಲಿ ಅವರಿಗೆ ಏನು? ನನಗೆ ಮೊದಲು ತೋಚಿದ್ದು ಲಾಭದಲ್ಲಿ ಪಾಲು. ಸ್ನೇಹಿತರ ನಡುವೆ ಅದೇ ನ್ಯಾಯ ಅಂತ ಅನ್ನಿಸುತ್ತದೆ. ಶಿವಮೊಗ್ಗದಲ್ಲಿ ನನ್ನ ಲೆಕ್ಕ ನೋಡುವ ಆಡಿಟರನ್ನು ಕೇಳಿದಾಗ ಅವರು ತಲೆ ಅಲ್ಲಾಡಿಸಿದರು. ಪಾಲು ಕೊಟ್ಟ ಮಾತ್ರಕ್ಕೆ ಪಾಲುದಾರಿಕೆ ಆಗಿಯೇ ಬಿಡುವುದಿಲ್ಲ, ಆದರೆ ನಾಳೆ ಮನಸ್ತಾಪ ಬಂದರೆ ಆ ವಾದಕ್ಕೆ ಬಾಗಿಲು ತೆರೆದ ಹಾಗೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಪಾಲುದಾರಿಕೆಯ ಸಾಲಕ್ಕೆ ಪಾಲುದಾರರೆಲ್ಲರೂ ಹೊಣೆ. “ನಿಮ್ಮ ನರ್ಸರಿ ಸಾಲಕ್ಕೆ ಅವರ ತೋಟ ಉತ್ತರ ಹೇಳ್ಬೇಕಾ?” ಅಂದರು. ಅದಕ್ಕಿಂತ ದಿನನಿತ್ಯದ ತೊಂದರೆ ಇನ್ನೊಂದಿದೆ. ಲಾಭದ ಪಾಲು ಅಂದರೆ ನನ್ನ ಪ್ರತಿ ಖರ್ಚೂ ಅವರಿಗೆ ಸಂಬಂಧಪಟ್ಟದ್ದಾಗುತ್ತದೆ. ಗಾಳಿಗೆ ನರ್ಸರಿಯ ಹಸಿರು ಬಲೆ ಹರಿದರೆ ಅದರಲ್ಲಿ ಮಿಡಿ ಗಿಡದ ಪಾಲೆಷ್ಟು, ಅಡಿಕೆ ಸಸಿಯ ಪಾಲೆಷ್ಟು? ನನ್ನ ತಮ್ಮನಿಗೆ ಕೊಡುವ ಸಂಬಳ ಜಾಸ್ತಿಯೋ ಕಮ್ಮಿಯೋ? ಗೌಡ್ರು ಇದನ್ನೆಲ್ಲ ಕೇಳುವವರಲ್ಲ. ಕೇಳದೆ ಮನಸ್ಸಿನಲ್ಲಿಟ್ಟುಕೊಳ್ಳುವವರು. ನನಗೆ ಭಯ ಇದ್ದದ್ದು ಅದೇ.

ಹಾಗಾಗಿ ಗಿಡಕ್ಕೆ ಇಂತಿಷ್ಟು ಅಂತ ಮಾಡಿದೆವು. ಮಾರಿದ ಪ್ರತಿ ಗಿಡಕ್ಕೆ ಹತ್ತು ರೂಪಾಯಿ, ಮರದ ಹೆಸರಿಗೆ. ನಾನು ನೂರಿಪ್ಪತ್ತಕ್ಕೆ ಮಾರಲಿ, ಇನ್ನೂರಕ್ಕೆ ಮಾರಲಿ, ಹತ್ತು. ಎಣಿಸುವುದಕ್ಕೆ ಗಿಡದ ಸಂಖ್ಯೆ ಒಂದೇ ಸಾಕು, ಅದನ್ನು ಅವರು ಯಾವತ್ತು ಬೇಕಾದರೂ ಬಂದು ನೋಡಬಹುದು. ವರ್ಷಕ್ಕೆ ಎರಡು ಸಲ ಲೆಕ್ಕ, ದೀಪಾವಳಿ ಮತ್ತು ಯುಗಾದಿಗೆ ಒಂದು ವಾರ ಮೊದಲು. ಹಬ್ಬದ ದಿನ ಅಲ್ಲ. ಹಬ್ಬದ ದಿನ ಹೋದರೆ ನೋಟ್‌ಬುಕ್ ಒಯ್ಯುವಂತಿಲ್ಲ, ಇದು ಅಮ್ಮನ ಷರತ್ತು.

ಉಡುಗೊರೆ ಗಿಡಗಳ ಬಗ್ಗೆ ಸಣ್ಣದೊಂದು ಚರ್ಚೆ ಆಯಿತು. ನಾನು ಯಾರಿಗಾದರೂ ಪುಕ್ಕಟೆ ಕೊಟ್ಟರೆ? ಅದು ನನ್ನ ಸಂತೋಷ, ಅವರ ಹತ್ತು ರೂಪಾಯಿ ಯಾಕೆ ಹೋಗಬೇಕು? ಮಾರಿದ ಹಾಗೇ ಎಣಿಕೆ. ಗೌಡ್ರು ನೆಂಟರಿಗೆ ಅಂತ ಒಯ್ದರೆ ವರ್ಷಕ್ಕೆ ಹತ್ತು ಗಿಡದವರೆಗೆ ಅವರು ದುಡ್ಡು ಕೊಡುವುದಿಲ್ಲ, ನಾನೂ ಅದಕ್ಕೆ ಹತ್ತು ರೂಪಾಯಿ ಕೊಡುವುದಿಲ್ಲ.

ಆ ಸಾಲಿನ ಪುಟ ಈಗಲೂ ಇದೆ. ಆಗಸ್ಟಿನಲ್ಲಿ ಮುನ್ನೂರು ಕಡ್ಡಿ, ನಾಲ್ಕರಂತೆ ಸಾವಿರದ ಇನ್ನೂರು, ಅವತ್ತೇ ಕೊಟ್ಟದ್ದು. ಬದುಕಿದ್ದು ಇನ್ನೂರ ನಾಲ್ಕು ಗಿಡ. ಯುಗಾದಿಯ ಹೊತ್ತಿಗೆ ಮಾರಾಟವಾದದ್ದು ನೂರೆಪ್ಪತ್ತು, ನಾನು ಹಂಚಿದ್ದು ಆರು, ಗೌಡ್ರು ಒಯ್ದದ್ದು ಹತ್ತು, ಉಳಿದದ್ದು ಹದಿನೆಂಟು. ನೂರೆಪ್ಪತ್ತಾರು ಗಿಡಕ್ಕೆ ಸಾವಿರದ ಏಳುನೂರ ಅರವತ್ತು. ಒಟ್ಟು ಎರಡು ಸಾವಿರದ ಒಂಬೈನೂರ ಅರವತ್ತು ರೂಪಾಯಿ. ದೊಡ್ಡ ಮೊತ್ತ ಅಲ್ಲ, ಹಿಂದಿನ ವರ್ಷದ ಪಂಚೆ ಸೀರೆಗೆ ನಾನು ಹೆಚ್ಚುಕಮ್ಮಿ ಅಷ್ಟೇ ಖರ್ಚು ಮಾಡಿದ್ದೆ! ಆದರೆ ಗೌಡ್ರು ಆ ಪುಟವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, “ಉಳಿದ ಹದಿನೆಂಟು ಸತ್ರೆ ಎಂತ ಮಾಡ್ತೀರಿ?” ಅಂದರು. “ನನ್ನ ಹಣೆಬರಹ” ಅಂದೆ. “ಹಂಗಾದ್ರೆ ನೀರು ಸರಿ ಹಾಕಿ ಮಾರಾಯ್ರೆ.” ಹೋಗಿದ್ದ ‘ಮಾರಾಯ್ರೆ’ ವಾಪಸು ಬಂದಿತ್ತು.

ಬರೆದಿಟ್ಟ ಲೆಕ್ಕದಿಂದ ಸ್ನೇಹ ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ಸ್ನೇಹ ಹುಟ್ಟಿದ್ದು ಹದಿನಾಲ್ಕು ಕಡ್ಡಿ ಸತ್ತ ಫೋನಿನಲ್ಲಿ, ಆಮೇಲೆ ಎಷ್ಟೋ ಸಂಜೆ ಮಳೆ ನೋಡುತ್ತಾ ಕೂತದ್ದರಲ್ಲಿ. ಆದರೆ ಲೆಕ್ಕ ಬಂದ ಮೇಲೆ ಮಾತಾಡುವ ವಿಷಯಗಳು ಜಾಸ್ತಿಯಾದವು. ಮುಂಚೆ ನಾನು ಗಿಡದ ವ್ಯಾಪಾರದ ಸುದ್ದಿ ಎತ್ತುತ್ತಲೇ ಇರಲಿಲ್ಲ, ಎಲ್ಲಿ ರೇಟು ಬಾಯಿಗೆ ಬರುತ್ತದೋ ಅಂತ. ಈಗ ಯಾರು ಕೊಂಡರು, ಎಷ್ಟು ಚೌಕಾಸಿ ಮಾಡಿದರು ಎಲ್ಲ ಹೇಳುತ್ತೇನೆ, ಅವರು ನಗುತ್ತಾರೆ.

ನಿಜವಾದ ಪರೀಕ್ಷೆ ಬಂದದ್ದು 2021ರ ನವೆಂಬರಿನಲ್ಲಿ. ಅಮ್ಮನಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು, ನಲವತ್ತು ಸಾವಿರ ಕಡಿಮೆ ಬಿದ್ದಿತ್ತು. ಗೌಡ್ರು ನನ್ನನ್ನು ಕೇಳಿದರು. ಕೇಳುವಾಗಲೇ ಉಪಾಯವನ್ನೂ ಹೇಳಿದರು, “ಕಡ್ಡಿ ಲೆಕ್ಕದಲ್ಲಿ ಮುರ್ಕಳಿ.” ಆಗ ವರ್ಷಕ್ಕೆ ಅವರಿಗೆ ನನ್ನಿಂದ ಐದು ಸಾವಿರದ ಹತ್ತಿರ ಸಲ್ಲುತ್ತಿತ್ತು. ಮುರಿಯುತ್ತಾ ಹೋದರೆ ಎಂಟು ವರ್ಷ.

ದುಡ್ಡು ಕೊಟ್ಟೆ. ಮುರಿದುಕೊಳ್ಳುವುದಕ್ಕೆ ಮಾತ್ರ ಒಪ್ಪಲಿಲ್ಲ. ಅವರಿಗೆ ಬೇಸರವಾಯಿತು, ಅನುಮಾನ ಪಟ್ಟ ಹಾಗೆ ಅನ್ನಿಸಿತೇನೋ. ನಾನು ಯೋಚಿಸಿದ್ದು ಬೇರೆ. ಸಾಲವನ್ನು ಕಡ್ಡಿಯಲ್ಲಿ ಮುರಿಯತೊಡಗಿದರೆ ಎಂಟು ವರ್ಷ ಆ ಮರ ನನಗೆ ಒತ್ತೆ ಇಟ್ಟ ಹಾಗೆ. ಮಿಡಿ ರೇಟು ಏರಿದರೂ ‘ಕಡ್ಡಿಗೆ ಆರು ರೂಪಾಯಿ ಮಾಡಿ’ ಅನ್ನಲು ಅವರಿಗೆ ನಾಲಿಗೆ ಏಳುವುದಿಲ್ಲ. ನಾನೂ ಅಷ್ಟೇ, ಕಡ್ಡಿ ಸರಿ ಇಲ್ಲದಿದ್ದರೆ ‘ಇದು ಬೇಡ’ ಅನ್ನಲು ಹಿಂಜರಿಯುತ್ತೇನೆ, ಸಾಲ ತೀರಿಸುವ ದಾರಿಗೆ ಅಡ್ಡ ಬಂದ ಹಾಗಾಗುತ್ತದಲ್ಲ. ಕೊನೆಗೆ ಕಡ್ಡಿಯೂ ಹಾಳು, ಸಾಲವೂ ಹಾಳು.

ನಲವತ್ತು ಸಾವಿರವನ್ನು ಬ್ಯಾಂಕಿನಿಂದ ಅವರ ಖಾತೆಗೆ ಹಾಕಿದೆ. ಇಪ್ಪತ್ತು ಸಾವಿರ ಮುಟ್ಟಿದ ಸಾಲವನ್ನು ನಗದಿನಲ್ಲಿ ಕೊಟ್ಟು ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧ ಇದೆ, ಅದು ಒಂದು ಕಾರಣ. ಬ್ಯಾಂಕಿನ ಪುಸ್ತಕದಲ್ಲಿ ತಾರೀಕು ತಾನಾಗಿ ಕೂತಿರುತ್ತದೆ ಅನ್ನುವುದು ಇನ್ನೊಂದು. ನೋಟ್‌ಬುಕ್ಕಿನ ಹಿಂದಿನ ಪುಟ ತಿರುಗಿಸಿ, ತಲೆಕೆಳಗಾಗಿ, ಬೇರೆ ಲೆಕ್ಕ ಶುರು ಮಾಡಿದೆವು: ಬಡ್ಡಿ ಇಲ್ಲ, ಅಡಿಕೆ ಮಾರಿದ ಮೇಲೆ ವರ್ಷಕ್ಕೆ ಎರಡು ಕಂತು, ಒಂದೊಂದು ಹತ್ತು ಸಾವಿರ. ಇಬ್ಬರ ಸಹಿ. ಅಳಿಯನಿಗೂ ಗೊತ್ತಿರಲಿ ಅಂತ ಅವನ ಎದುರಿಗೇ. ಕೊಡುವ ಮೊದಲು ನಾನು ಮನೆಯಲ್ಲಿ ಹೆಂಡತಿಗೆ ಒಂದು ಮಾತು ಹೇಳಿದ್ದೆ, ಇದು ಬರದಿದ್ದರೂ ನಾವು ಬದುಕುತ್ತೇವೆ ತಾನೆ ಅಂತ. ಅವಳು ನಲವತ್ತಕ್ಕೆ ಹೂಂ ಅಂದಳು. ಎಂಬತ್ತಾಗಿದ್ದರೆ ನಾನೇ ನಲವತ್ತು ಮಾತ್ರ ಆಗುತ್ತದೆ ಅಂತ ಹೇಳುತ್ತಿದ್ದೆ.

ಇದರಿಂದ ಒಂದು ತಮಾಷೆ ಆಯಿತು. ಮುಂದಿನ ಯುಗಾದಿಯ ಲೆಕ್ಕದ ದಿನ ಅವರು ಕಂತಿನ ಹತ್ತು ಸಾವಿರವನ್ನು ಬ್ಯಾಂಕಿನಿಂದ ನನ್ನ ಖಾತೆಗೆ ಹಾಕಿದರು. ನಾನು ಅದನ್ನು ಹಿಂದಿನ ಪುಟದಲ್ಲಿ ಬರೆದೆ. ಆಮೇಲೆ ಜೇಬಿನಿಂದ ಎರಡು ಸಾವಿರದ ಚಿಲ್ಲರೆ ತೆಗೆದು ಗಿಡದ ಲೆಕ್ಕಕ್ಕೆ ಅವರ ಕೈಗೆ ಕೊಟ್ಟು ಮುಂದಿನ ಪುಟದಲ್ಲಿ ಬರೆದೆ. ಅಳಿಯ ನೋಡಿ, “ಇದೆಂತ ಹುಚ್ಚಾಟ, ವಜಾ ಮಾಡ್ಕಂಡ್ರೆ ಆಗ್ತಿರ್ಲಿಲ್ವಾ” ಅಂದ. ಗೌಡ್ರೇ ಉತ್ತರ ಕೊಟ್ಟರು: “ಅದು ಮರದ್ದು, ಇದು ನಂದು.”

2022ರ ಆಗಸ್ಟಿನಲ್ಲಿ ಈ ಹುಚ್ಚಾಟದ ಉಪಯೋಗ ಗೊತ್ತಾಯಿತು. ಹತ್ತು ದಿನ ಬಿಡದೆ ಮಳೆ ಹಿಡಿದು ನಾವು ಕೊಯ್ಯಲು ಹೋಗುವುದು ತಡವಾಯಿತು. ನಾನೂರು ಕಡ್ಡಿಯಲ್ಲಿ ಅರವತ್ತರ ಮೊಗ್ಗು ಒಡೆದು ಕೆಂಪು ಚಿಗುರು ಇಣುಕಿತ್ತು. ಅರವತ್ತನ್ನೂ ಪಕ್ಕಕ್ಕಿಟ್ಟೆ. ಸಾಲ ಇನ್ನೂ ಮೂವತ್ತು ಸಾವಿರ ಬಾಕಿ ಇತ್ತು. ಗೌಡ್ರು ಒಂದೊಂದೇ ಕಡ್ಡಿ ಎತ್ತಿ ನೋಡಿದರು. ನಾಲ್ಕನ್ನು “ಇದು ಒಡೆದಿಲ್ಲ, ಸರಿ ನೋಡಿ” ಅಂತ ವಾಪಸು ಹಾಕಿದರು. ನಾನು ನೋಡಿದೆ, ಅವರು ಹೇಳಿದ್ದು ಸರಿ. ಮುನ್ನೂರ ನಲವತ್ತನಾಲ್ಕು. ಅದೇ ದಿನ ಅವರು ರೇಟಿನ ಮಾತೆತ್ತಿದರು, ಮಿಡಿಗೆ ಈಗ ಮೂರು ರೂಪಾಯಿ ಆಗಿದೆ, ಹಳೇ ಲೆಕ್ಕದಲ್ಲೇ ನೋಡಿದರೂ ಕಡ್ಡಿಗೆ ಆರಾಗಬೇಕು ಅಂತ. ನಾಲ್ಕು ಮಿಡಿ, ಮೂರರಂತೆ ಹನ್ನೆರಡು, ಅರ್ಧಕ್ಕೆ ಆರು. ಲೆಕ್ಕ ಅವರದ್ದೇ, ನಾನೇ ಬರೆದುಕೊಂಡದ್ದು. ಆರು ಅಂತ ತಿದ್ದಿದೆ.

ಸಾಲ ಇದ್ದವರು ಸಾಲ ಕೊಟ್ಟವನ ಎದುರು ರೇಟು ಏರಿಸಿದ್ದು! ಸಾಗರಕ್ಕೆ ಬರುವ ದಾರಿಯುದ್ದಕ್ಕೂ ನನಗೆ ಒಳಗೊಳಗೇ ಖುಷಿ. ಕಡ್ಡಿಗೆ ಎರಡು ರೂಪಾಯಿ ಜಾಸ್ತಿ ತೆತ್ತು ಖುಷಿಪಟ್ಟ ನರ್ಸರಿಯವನನ್ನು ಬೇರೆ ಕಡೆ ನೋಡಿಲ್ಲ.

ಎಲ್ಲವೂ ಹೀಗೆ ಪುಟಕ್ಕೆ ಇಳಿಯುತ್ತದೆ ಅಂತಲ್ಲ. ಹೆಸರಿನ ವಿಷಯ ಇನ್ನೂ ಬಗೆಹರಿದಿಲ್ಲ. ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯಲ್ಲಿ ರೈತರು ತಾವು ಕಾಪಾಡಿಕೊಂಡು ಬಂದ ತಳಿಯನ್ನು ನೋಂದಾಯಿಸಲು ಅವಕಾಶ ಇದೆ. ಮಾಡಿಸೋಣ, ಓಡಾಟ ನನ್ನದು, ಅರ್ಜಿ ನಿಮ್ಮ ಹೆಸರಲ್ಲಿ ಅಂದೆ. ಗೌಡ್ರಿಗೆ ತಮ್ಮ ಹೆಸರು ಬೇಡ, ಮುಳುಗಿದ ಊರಿನ ಹೆಸರಿರಲಿ ಅಂತ. ಆ ಊರಿನವರು ಈಗ ನಾಲ್ಕು ತಾಲ್ಲೂಕಿನಲ್ಲಿ ಚದುರಿದ್ದಾರೆ, ಬೇರೆ ಯಾರದಾದರೂ ಹಿತ್ತಿಲಲ್ಲಿ ಅದೇ ಮರದ ಇನ್ನೊಂದು ಕಸಿ ಇರಲೂಬಹುದು. ಹಾಗಿದ್ದರೆ ಹತ್ತು ರೂಪಾಯಿ ಯಾರಿಗೆ? ಗೌಡ್ರು ಇದನ್ನು ಕೇಳಿ, “ನೀರಲ್ಲಿ ಮುಳುಗಿದ ಮರಕ್ಕೆ” ಅಂದು ಎದ್ದು ಹೋದರು. ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಾಗಲಿಲ್ಲ.

ಉಪ್ಪಿನಕಾಯಿಯದ್ದೂ ಒಂದು ಇದೆ. ಅಮ್ಮ ಪ್ರತಿ ವರ್ಷ ನಮ್ಮ ಮನೆಗೆ ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಡುತ್ತಾರೆ. ಅದಕ್ಕೆ ಯಾವತ್ತೂ ದುಡ್ಡು ಕೊಟ್ಟಿಲ್ಲ, ಬದಲಿಗೆ ಏನು ಒಯ್ಯಲಿ ಅಂತ ಯೋಚಿಸುವುದನ್ನೂ ಬಿಟ್ಟಿದ್ದೇನೆ. ಒಮ್ಮೆ ಬೆಂಗಳೂರಿನ ನನ್ನ ಷಡ್ಡಕ ರುಚಿ ನೋಡಿ ಇಪ್ಪತ್ತು ಕೆಜಿ ಬೇಕು ಅಂದ. ನಾನು ಅಮ್ಮನನ್ನು ಕೇಳಲಿಲ್ಲ, ಅವನ ನಂಬರನ್ನು ಅವರಿಗೆ ಕೊಟ್ಟೆ. ರೇಟು, ಕಳಿಸುವ ಖರ್ಚು ಎಲ್ಲ ಅವರೇ ಮಾತಾಡಿಕೊಂಡರು. ನಡುವೆ ನಾನಿದ್ದಿದ್ದರೆ ಅಮ್ಮ ‘ನಮ್ಮ ಹುಡುಗನ ನೆಂಟರು’ ಅಂತ ಅರ್ಧ ರೇಟಿಗೆ ಕೊಡುತ್ತಿದ್ದರು, ಮತ್ತು ಅದು ಯಾವ ಪುಟದಲ್ಲೂ ಇರುತ್ತಿರಲಿಲ್ಲ.

ಸಾಲದ ಕೊನೆಯ ಕಂತು ಬಂದದ್ದು 2023ರ ದೀಪಾವಳಿಯ ಲೆಕ್ಕದ ದಿನ. ಹಿಂದಿನ ಪುಟಕ್ಕೆ ಅಡ್ಡಗೆರೆ ಎಳೆದು ಇಬ್ಬರೂ ಸಹಿ ಹಾಕಿದೆವು. ಗೌಡ್ರು ಪೆನ್ನು ಮುಚ್ಚಿಡುತ್ತಾ, “ಆತು ಮಾರಾಯ, ಇನ್ನು ನಂಗೂ ನಿಂಗೂ ಎಂತ ಬಾಕಿ ಇಲ್ಲ” ಅಂದರು. ‘ಮಾರಾಯ್ರೆ’ ಅಲ್ಲ, ಮಾರಾಯ. ಅವರಿಗೆ ಗೊತ್ತಾಗದೆ ಬಂದದ್ದೋ, ಗೊತ್ತಿದ್ದೇ ಅಂದದ್ದೋ, ನಾನು ಕೇಳಲು ಹೋಗಲಿಲ್ಲ.

ಅಡುಗೆಮನೆಯಿಂದ ಅಮ್ಮನ ದನಿ ಬಂತು: “ಬಾಕಿ ಇಲ್ಲ ಅಂತ ಯಾರು ಹೇಳಿದ್ದು? ನನ್ನ ಎರಡು ಭರಣಿ ಸಾಗರದಲ್ಲೇ ಇದೆ.”

ಅವು ಇನ್ನೂ ನಮ್ಮ ಅಟ್ಟದ ಮೇಲಿವೆ. ಈಗ ಮೂರಾಗಿವೆ.